ಫ್ಲೆಕ್ಸಿನೊಳಗಿನ ಮಂಚ

ಶಿವಮೊಗ್ಗದ ಹೊರವಲಯದಲ್ಲಿ ನಿಂತಿರುವ, ಇನ್ನೂ ಕಟ್ಟದ ಫ್ಲ್ಯಾಟುಗಳ ಆ ಜಾಹೀರಾತು ಫ್ಲೆಕ್ಸನ್ನು ನೀವೂ ನೋಡಿರುತ್ತೀರಿ. ಬಾಲ್ಕನಿಯಲ್ಲಿ ಕಾಫಿ ಹೀರುವ ದಂಪತಿ, ಎದುರಿಗೆ ಹಸಿರು ಗುಡ್ಡ. ಗುಡ್ಡದ ಮಾತು ಬಿಡಿ, ಮಲೆನಾಡಲ್ಲಿ ಅದಕ್ಕೇನು ಬರವೇ? ನಾನು ಕೈಮುಗಿಯುವುದು ಪಕ್ಕದ ಬೆಡ್‌ರೂಮಿಗೆ. ಪ್ಲಾನಿನಲ್ಲಿ ಅದು 10 ಅಡಿಗೆ 11. ಚಿತ್ರದಲ್ಲಿ ಡಬಲ್ ಮಂಚ, ಆರಾಮ ಕುರ್ಚಿ, ಎರಡು ಹೂಕುಂಡ, ಇಷ್ಟಾದ ಮೇಲೂ ಒಂದು ಮಗು ಸೈಕಲ್ ಹೊಡೆಯುತ್ತಿದೆ!

ಕಂಪ್ಯೂಟರಿನಲ್ಲಿ ಈ ಚಿತ್ರ ಮಾಡುವವರ ವಿದ್ಯೆ ಸರಳ, ಮಂಚವನ್ನು ಕುಗ್ಗಿಸುವುದು. 6 ಅಡಿ ಅಗಲ, ಆರೂವರೆ ಅಡಿ ಉದ್ದದ ಮಂಚವನ್ನು ಶೇ. 15 ಇಳಿಸಿದರೆ ಸುಮಾರು 5 ಅಡಿಗೆ ಐದೂವರೆ ಆಗುತ್ತದೆ. ಕಾಲು ಚಾಚುವಂತಿಲ್ಲ, ಆದರೆ ಚಿತ್ರದಲ್ಲಿ ಮಲಗುವವರು ಯಾರು? ನಿಜವಾದ ಮಂಚ ಹಾಕಿ ನೋಡಿ. 11 ಅಡಿಯಲ್ಲಿ ಆರೂವರೆ ಅದಕ್ಕೇ ಹೋಯಿತು, ಎದುರು ಗೋಡೆಯ ಬೀರು 2 ಅಡಿ ತಿಂದಿತು, ಉಳಿದದ್ದು ಎರಡೂವರೆ. ಬೀರಿನ ಒಂದೂವರೆ ಅಡಿ ಬಾಗಿಲು ತೆರೆದರೆ ನಿಮ್ಮ ಪಾಲಿಗೆ ಒಂದೇ ಅಡಿ. ಸೀರೆ ತೆಗೆಯಬೇಕಾದರೆ ಮಂಚ ಹತ್ತಿ ಕೂರಿ.

ಕಳ್ಳ ಸಿಗುವುದು ಚಿತ್ರದ ನೆಲದಲ್ಲಿ. ಹಾಕುತ್ತೇವೆಂದು ಹೇಳಿದ ಟೈಲ್ಸ್ 2 ಅಡಿಯದಾದರೆ ಮಂಚದ ಅಗಲಕ್ಕೆ ಮೂರು ಟೈಲ್ಸ್ ಬರಬೇಕು. ಎರಡೂವರೆ ಬಂದರೆ ಮಂಚ ಕುಗ್ಗಿದೆ. ಗೋಡೆಯಿಂದ ಗೋಡೆಗೆ ಐದರ ಬದಲು ಏಳು ಬಂದರೆ ಟೈಲ್ಸೇ ಕುಗ್ಗಿದೆ. ಮೂಲೆಯ ದುಂಡು ಕುಂಡ ಮೊಟ್ಟೆಯ ಹಾಗೆ ಎಳೆದುಕೊಂಡಿದ್ದರೆ ಅದು ಕೋಣೆಯನ್ನು ದೊಡ್ಡದಾಗಿ ತೋರಿಸುವ ವೈಡ್ ಲೆನ್ಸ್. ಆ ಕ್ಯಾಮೆರಾ ಬಹುಶಃ ಗೋಡೆ ಮಾಯಮಾಡಿ ಹೊರಗೆ, ಗಾಳಿಯಲ್ಲಿ ನಿಂತಿದೆ.

ಹಾಗಂತ ಚಿತ್ರ ಚೆಂದ ಇರಬಾರದೆಂದಲ್ಲ ಮಾರಾಯ್ರೇ. ನೀಲಿ ಆಕಾಶ ಇರಲಿ, ಜುಲೈಯಲ್ಲೂ ಇರಲಿ. ತಟ್ಟೆ ತುಂಬ ಸೇಬು ಇರಲಿ. ಅವನ್ನು ನಂಬಿ ಯಾರೂ ಸಾಲ ಮಾಡುವುದಿಲ್ಲ. ಚಿತ್ರ ಮಾಡುವವರೇ, ಅಳತೆ, ಬಿಸಿಲಿನ ದಿಕ್ಕು, ಕಾಂಪೌಂಡಿನ ಆಚೆ ಇರುವುದು, ಈ ಮೂರಕ್ಕೆ ಮಾತ್ರ ಕೈಹಾಕಬೇಡಿ. ಉತ್ತರದ ಕಿಟಕಿಯಿಂದ ಡಿಸೆಂಬರ್ ಮಧ್ಯಾಹ್ನ ಮಂಚದವರೆಗೆ ಬಿಸಿಲು ಬೀಳಿಸುತ್ತೀರಲ್ಲ, ಆಗ ಸೂರ್ಯ ಇರುವುದು ದಕ್ಷಿಣದಲ್ಲಿ. ಅಂದಹಾಗೆ, ಇಂಥ ಚಿತ್ರಗಳಲ್ಲಿ ಒಂದಾದರೂ ಬಟ್ಟೆ ಒಣಗುವ ಹಗ್ಗ ಕಂಡಿದ್ದೀರಾ? ಮಳೆಗಾಲದಲ್ಲಿ ವಾರವಾದರೂ ಲುಂಗಿ ಒಣಗದ ಊರಿದು. ಆ ಬಾಲ್ಕನಿಗೆ ಕಾಫಿ ಬರುವ ಮೊದಲು ಒದ್ದೆ ಟವೆಲ್ ಬರುತ್ತದೆ.

ಕೊನೆಗೆ, ಮೂಲೆಯಲ್ಲಿ ಇರುವೆ ಸಾಲಿನಂತೆ ಒಂದು ವಾಕ್ಯ: ‘ಚಿತ್ರ ಕಲಾವಿದರ ಕಲ್ಪನೆ.’ ಇದನ್ನು ಓದಿದಾಗ ನಗು ಬರುವುದಿಲ್ಲ. ಜನ ಅಡಿಕೆ ಮಾರಿದ ದುಡ್ಡು, ಪಿಎಫ್ ದುಡ್ಡು ತಂದು ಸುರಿಯುವುದು ಆ ಕಲ್ಪನೆಯ ಮೇಲೆ. ಮನೆ ಕೊಳ್ಳುವವರ ಹಿತ ಕಾಯುವ 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಜಾಹೀರಾತಿನ ಸುಳ್ಳು ಮಾಹಿತಿ ನಂಬಿ ಮುಂಗಡ ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು. ಬೇಡವೆಂದು ನೀವು ಹಿಂದೆ ಸರಿದರೆ ಬಿಲ್ಡರ್ ಬಡ್ಡಿ ಸಮೇತ ದುಡ್ಡು ವಾಪಸ್ ಕೊಡಬೇಕು. ಆದ್ದರಿಂದ ಬ್ರೋಷರನ್ನು ಮೆಣಸಿನಕಾಯಿ ಕಟ್ಟಲು ಬಳಸದೆ, ತಾರೀಖು ಬರೆದು ರಸೀದಿಯ ಜೊತೆ ಇಟ್ಟುಕೊಳ್ಳಿ.

ಬಾಲ್ಕನಿಯ ದಂಪತಿ ಇನ್ನೂ ಕಾಫಿ ಮುಗಿಸಿಲ್ಲ. ಅವರೆದುರಿನ ಖಾಲಿ ಸೈಟಿನಲ್ಲಿ ಮಾತ್ರ ಪಿಲ್ಲರ್ ಗುಂಡಿ ತೋಡಿ ಆಗಿದೆ.