ಚಂದಕ್ಕೆ ಮೂರು ಸಲ ಅಂಕ ಕೊಟ್ಟರೆ ಹೀಗೇ ಆಗುವುದು

ಇವತ್ತು ಚಿಕ್ಕಮಗಳೂರಿನಲ್ಲಿ ಒಂದು ಕಾಫಿ ಪುಡಿ ಕಂಪನಿಯ ಮೀಟಿಂಗ್ ಮುಗಿಸಿ ಬಂದೆ. ತಲೆ ಬಿಸಿ ಇನ್ನೂ ಇಳಿದಿಲ್ಲ. ನಾನು ಪ್ಯಾಕೆಟ್, ಬೋರ್ಡು, ಪೋಸ್ಟರ್ ಅಂತ ಬದುಕುವವನು ಅಂತ ನಿಮಗೆ ಗೊತ್ತೇ ಇದೆ. ಕಂಪನಿಯ ಹೆಸರು ಹೇಳುವುದಿಲ್ಲ, ನಾಳೆ ಬಿಲ್ ಪಾಸ್ ಆಗಬೇಕು.

ಎಐ ಟೂಲ್‌ನಲ್ಲಿ ಕಂಪನಿಯ ಪೋಸ್ಟಿಗೆ ಅಂತ ಹುಟ್ಟಿಸಿದ ಒಂದು ಚಿತ್ರ ಪರದೆ ಮೇಲೆ ಬಂತು. ಬೆಟ್ಟದ ಮೇಲೆ ಬೆಳಗಿನ ಬಿಸಿಲು. ಬಿಳಿ ಉಡುಪಿನ ಹುಡುಗಿ. ಕೈಯಲ್ಲಿ ಅಗಲವಾದ ಪಿಂಗಾಣಿ ಕಪ್ಪು, ನೊರೆಯ ಮೇಲೆ ಹೃದಯದ ಆಕಾರ. ಹಿಂದೆ ಟೀ ತೋಟದ ಹಾಗೆ ಒಪ್ಪವಾಗಿ ಕತ್ತರಿಸಿದ ಗಿಡಗಳ ಸಾಲು. ಒಂದೂ ನೆರಳಿನ ಮರ ಇಲ್ಲ. ಮುಂದಿನ ರೆಂಬೆಯಲ್ಲಿ ಕೆಂಪು ಹಣ್ಣೂ ತುಂಬಿದೆ, ಬಿಳಿ ಹೂವೂ ತುಂಬಿದೆ! ಹಣ್ಣು ಕಿತ್ತು ಮುಗಿದು ಹೂಮಳೆ ಬೀಳುವುದನ್ನು ಕಾಯುವ ಊರಿನವರ ಮುಂದೆ ಇದು. ಎಲ್ಲರೂ "ಸೂಪರ್" ಅಂದರು.

ಸುಮ್ನೆ ಸೂಪರ್ ಅಂದಿದ್ದರೆ ಬೇಜಾರಿರಲಿಲ್ಲ. ಅವರ ಹತ್ತಿರ ಅಂಕಪಟ್ಟಿ ಇತ್ತು. ಐದು ಸಾಲು, ಒಂದೊಂದಕ್ಕೆ ಹತ್ತು ಅಂಕ, 30 ಬಂದರೆ ಪಾಸ್. ಆಕರ್ಷಣೆಗೆ 9. ಚಿತ್ರದ ಗುಣಮಟ್ಟಕ್ಕೆ 9. ಹೊಸತನಕ್ಕೆ 9. ಬ್ರ್ಯಾಂಡಿಗೆ ಹೊಂದುತ್ತದಾ? 3. ಗ್ರಾಹಕರಿಗೆ ಹೊಂದುತ್ತದಾ? 5. ಒಟ್ಟು 35. ಪಾಸ್!

ಮೊದಲ ಮೂರು ಸಾಲು ಬೇರೆ ಬೇರೆ ಅಲ್ಲವೇ ಅಲ್ಲ. ಚಂದ ಇದೆ ಅನ್ನುವ ಒಂದೇ ಅನಿಸಿಕೆಗೆ ಮೂರು ಹೆಸರು ಕೊಟ್ಟು 27 ಅಂಕ ತೆಗೆದುಕೊಂಡಿದ್ದಾರೆ. ಬ್ರ್ಯಾಂಡಿಗೆ ಹೊಂದುವುದಿಲ್ಲ ಅಂತ ಅವರೇ ಬರೆದ ಆ 3 ಎಲ್ಲೋ ಮುಳುಗಿ ಹೋಯಿತು. ಆ ಸಾಲಿನಲ್ಲಿ ಸೊನ್ನೆ ಬಂದಿದ್ದರೂ 32 ಆಗಿ ಪಾಸೇ ಆಗುತ್ತಿತ್ತು. ಹಾಗಾದರೆ ಆ ಸಾಲು ಪಟ್ಟಿಯಲ್ಲಿ ಯಾಕಿದೆ? ಅಲಂಕಾರಕ್ಕಾ?

ಫೋಟೋಗ್ರಾಫರ್ ತೋಟಕ್ಕೆ ಬಂದು, ಮಂಜು ಕರಗುವುದನ್ನು ಕಾದು ಫೋಟೋ ತೆಗೆಯುತ್ತಿದ್ದ ಕಾಲದಲ್ಲಿ ಚಂದಕ್ಕೆ ಅಂಕ ಕೊಡುವುದರಲ್ಲಿ ಅರ್ಥ ಇತ್ತು. ಕೆಲವು ಚೆನ್ನಾಗಿ ಬರುತ್ತಿದ್ದವು, ಕೆಲವು ಬರುತ್ತಿರಲಿಲ್ಲ. ಈಗ ಟೂಲ್ ಕೊಡುವ ಹೆಚ್ಚು ಕಡಿಮೆ ಪ್ರತಿ ಚಿತ್ರವೂ ಚಂದವೇ. ಎಲ್ಲದಕ್ಕೂ 9 ಬರುವ ಸಾಲು ಯಾವುದನ್ನು ಆರಿಸಬೇಕು ಅಂತ ಹೇಳುವುದೇ ಇಲ್ಲ. ಅದನ್ನು ತೆಗೆದುಹಾಕಿ ಅಂದೆ. ನಾನು ಚಂದದ ವಿರೋಧಿ ಅನ್ನುವ ಹಾಗೆ ನೋಡಿದರು. (ನಿಜ ಹೇಳುತ್ತೇನೆ, ಆ ಚಿತ್ರ ಈಗ ನನ್ನ ಫೋನಿನ ವಾಲ್‌ಪೇಪರ್. ವಾಲ್‌ಪೇಪರಿಗೆ ಅದು ಬಹಳ ಚೆನ್ನಾಗಿದೆ.)

ಅಲ್ಲೇ ಕೂತು ಬೇರೆ ಪಟ್ಟಿ ಬರೆದೆ. ಅಂಕಕ್ಕೂ ಮೊದಲು ಹೌದು-ಇಲ್ಲ ಪ್ರಶ್ನೆಗಳು. ತೋಟ ನಮ್ಮ ಕಡೆಯ ತೋಟದ ಹಾಗಿದೆಯಾ? ಸಿಲ್ವರ್ ಓಕ್, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಕಾಫಿ? ಲೋಟದಲ್ಲಿರುವುದು ನಾವು ಮಾರುವ ಫಿಲ್ಟರ್ ಕಾಫಿಯಾ? ಕೈ, ಬೆರಳು, ಪಾತ್ರೆ ಸರಿ ಇವೆಯಾ? ಟೂಲ್ ಬರೆದ ಅಕ್ಷರ ಒಂದೂ ಇಲ್ಲದೆ ಚಿತ್ರ ಬಂದಿದೆಯಾ? ಒತ್ತಕ್ಷರ ಎಲ್ಲೆಲ್ಲೋ ಹೋಗಿ ಕೂರುತ್ತದೆ, ಅದಕ್ಕೆ ಹೆಸರು, ಲೋಗೋ ಎಲ್ಲಾ ಆಮೇಲೆ ನಾವೇ ಕೂರಿಸಬೇಕು. ಒಂದಕ್ಕೆ ಇಲ್ಲ ಅಂತ ಬಂದರೂ ಚಿತ್ರ ವಾಪಸ್. ಅಂಕ ಹಾಕುವ ಮಾತೇ ಇಲ್ಲ.

ದಾಟಿ ಬಂದರೆ ಮೂರೇ ಸಾಲು: ಬ್ರ್ಯಾಂಡಿನ ದನಿ, ಗ್ರಾಹಕರು, ಹಿಂದಿನ ಚಿತ್ರಗಳ ಜೊತೆ ಹೊಂದಿಕೆ. ಒಂದೊಂದಕ್ಕೆ 1ರಿಂದ 4. ಮಧ್ಯದ ಅಂಕ ಇಲ್ಲ, ಏಕೆಂದರೆ ಯೋಚಿಸಲು ಸೋಮಾರಿತನ ಬಂದವರು ಅಲ್ಲಿಗೇ ಓಡುತ್ತಾರೆ. ಒಟ್ಟು ಕೂಡಿಸುವ ಹಾಗಿಲ್ಲ. ಯಾವುದೇ ಸಾಲಿನಲ್ಲಿ 3ಕ್ಕಿಂತ ಕಡಿಮೆ ಬಂದರೆ ವಾಪಸ್.

ಅಂಕದ ಅರ್ಥವನ್ನೂ ಬರೆದಿಡಬೇಕು. ಈ ಕಂಪನಿಯ ದನಿ ಏನು? ಅವರೇ ಹೇಳಿದ್ದು: ಜಂಬ ಇಲ್ಲದೆ, ಮನೆಯವರ ಹತ್ತಿರ ಮಾತಾಡುವ ಹಾಗೆ. ಸರಿ. ಹಾಗಾದರೆ 4 ಅಂದರೆ ನಮ್ಮ ಅಡುಗೆಮನೆಯಲ್ಲೇ ತೆಗೆದ ಹಾಗಿರುವುದು. 3 ಅಂದರೆ ಸ್ವಲ್ಪ ಅಲಂಕಾರ ಜಾಸ್ತಿ, ಆದರೂ ನಮ್ಮದೇ. 2 ಅಂದರೆ ಯಾವ ಕಾಫಿ ಕಂಪನಿಯ ಹೆಸರು ಹಾಕಿದರೂ ನಡೆಯುವುದು. 1 ಅಂದರೆ ನಾವು ಹೇಳುವುದಕ್ಕೆ ವಿರುದ್ಧ. ಹೀಗೆ ಬರೆಯದಿದ್ದರೆ ಒಬ್ಬರ 3 ಇನ್ನೊಬ್ಬರ 2 ಆಗುತ್ತದೆ. ಜೊತೆಗೆ ಇಬ್ಬರು ಬೇರೆ ಬೇರೆ ಕೂತು ಅಂಕ ಹಾಕಬೇಕು. ಮಾಲೀಕರು ಮೊದಲು ಬಾಯಿ ಬಿಟ್ಟರೆ ಉಳಿದವರ ಅಂಕವೂ ಅವರದ್ದೇ ಆಗುತ್ತದೆ, ಇದನ್ನು ನಾನು ಹೇಳಬೇಕಾ?

"ಅಣ್ಣಾ, ಒಂದು ಪೋಸ್ಟಿಗೆ ಇಷ್ಟೆಲ್ಲಾ ಬೇಕಾ?" ಅಂತ ಮಾಲೀಕರ ಮಗ ಕೇಳಿದ. ಕೇಳಬೇಕಾದ ಪ್ರಶ್ನೆಯೇ. ನಾಳೆ ಮರೆತುಹೋಗುವ ಪೋಸ್ಟ್ ಆದರೆ ಹೌದು-ಇಲ್ಲ ಪ್ರಶ್ನೆಗಳಷ್ಟೇ ಸಾಕು ಅಂದುಕೊಳ್ಳೋಣ. ಆದರೆ ಇದೇ ಚಿತ್ರ ಪ್ಯಾಕೆಟ್ ಮೇಲೂ ಹೋಗುತ್ತದೆ ಅಂತ ಅವನೇ ಹತ್ತು ನಿಮಿಷ ಮುಂಚೆ ಹೇಳಿದ್ದ. ಗ್ರೇವ್ಯೂರ್‌ನಲ್ಲಿ ಪ್ಯಾಕೆಟ್ ಅಚ್ಚಾಗುವಾಗ ಒಂದೊಂದು ಬಣ್ಣಕ್ಕೂ ಒಂದೊಂದು ಸಿಲಿಂಡರ್ ಕೆತ್ತಿಸಬೇಕು. ಕೆತ್ತಿಸಿದ ಮೇಲೆ ನೆರಳಿನ ಮರ ನೆನಪಾದರೆ ಹೊಸ ಸಿಲಿಂಡರ್, ಹೊಸ ಬಿಲ್. ಚಿತ್ರ ಹುಟ್ಟಿಸುವುದು ಅಗ್ಗ, ಒಪ್ಪಿಗೆ ಕೊಡುವುದು ಅಗ್ಗ ಅಲ್ಲ ಮಾರಾಯ!

ಎರಡನೇ ಚಿತ್ರ ಹುಟ್ಟಿಸಿದರು. ಈ ಸಲ ಓಕ್ ಮರ ಇತ್ತು, ಬಳ್ಳಿ ಇತ್ತು, ಜಗಲಿಯ ಮೇಲೆ ಲೋಟದಲ್ಲಿ ಕಾಫಿ ಇತ್ತು. ಪ್ರಶ್ನೆಗಳನ್ನು ದಾಟಿತು. ದನಿಗೆ 3. ಗ್ರಾಹಕರಿಗೆ ಅಂಕ ಹಾಕುವ ಮೊದಲು ಹೆಸರು, ಲೋಗೋ ಇಲ್ಲದೆ ಕೆಳಗಿನ ಅಂಗಡಿಗೆ ಬಂದಿದ್ದ ಇಬ್ಬರಿಗೆ ತೋರಿಸಿ, ಇದು ಏನು ಮಾರುವ ಚಿತ್ರ ಅಂತ ಕೇಳಿದೆವು. ಇಬ್ಬರೂ ಕಾಫಿ ಪುಡಿ ಅಂದರು. ಮೊದಲನೆಯದನ್ನೂ ತೋರಿಸಿದೆ, ನನ್ನ ಹಟಕ್ಕೆ. ಕಡೂರಿನಿಂದ ಬಂದಿದ್ದ ಅಮ್ಮ "ಟೀ ಪುಡಿನೂ ಶುರು ಮಾಡಿದ್ರಾ?" ಅಂದರು. ನನಗಾದ ಖುಷಿ ಕೇಳಬೇಡಿ.

ಗ್ರಾಹಕರಿಗೆ 3 ಬಂತು. ಹೊಂದಿಕೆ ಮಾತ್ರ ಒಂಟಿ ಚಿತ್ರ ನೋಡಿ ಹೇಳುವ ವಿಷಯ ಅಲ್ಲ. ಹಿಂದೆ ಹಾಕಿದ ಒಂಬತ್ತು ಚಿತ್ರಗಳ ಪಕ್ಕ ಇಟ್ಟು, ಎಲ್ಲವನ್ನೂ ಚಿಕ್ಕದು ಮಾಡಿ, ದೂರದಿಂದ ನೋಡಿದೆವು. ಹಳೆಯವೆಲ್ಲ ಪಕ್ಕದಿಂದ ಬೀಳುವ ಬಿಸಿಲು, ಹೆಂಚಿನ ಕೆಂಪು, ಹಿತ್ತಾಳೆ ಲೋಟ. ಹೊಸದು ನೀಲಿ ಮಂಜು, ಸ್ಟೀಲ್ ಲೋಟ. ಸಾಲಿನಲ್ಲಿ ತಕ್ಷಣ ಎದ್ದು ಕಂಡಿತು. ಬಣ್ಣದ ಕೋಡ್ ಬರೆದುಕೊಟ್ಟಿದ್ದೇವಲ್ಲ ಅಂದರು. ಕೋಡ್ ಬರೆದ ಮಾತ್ರಕ್ಕೆ ಟೂಲ್ ಅದೇ ಬಣ್ಣ ಹಾಕುತ್ತದೆ ಅನ್ನುವ ಭರವಸೆ ಇಲ್ಲ. ಹಳೆಯ ಚಿತ್ರಗಳನ್ನೇ ಮಾದರಿಯಾಗಿ ಕೊಡಬೇಕು, ಆಮೇಲೆ ಬಣ್ಣ ಕೈಯಲ್ಲಿ ತಿದ್ದಬೇಕು. ಹೊಂದಿಕೆಗೆ 2. ವಾಪಸ್. ಮೊದಲಿನ ಪಟ್ಟಿಯಲ್ಲಾಗಿದ್ದರೆ ಇದಕ್ಕೆ 40 ಬಂದು ಚಪ್ಪಾಳೆ ಬೀಳುತ್ತಿತ್ತು.

ಇಷ್ಟಕ್ಕೂ ಒಪ್ಪಿದರು. ಆಮೇಲೆ ಮಗ ಹೊಸ ಜಗಳ ತೆಗೆದ. ನಮ್ಮ ಗ್ರಾಹಕರು ಕಡೂರು, ಅರಸೀಕೆರೆ, ಹಾಸನದ ಮನೆಗಳಷ್ಟೇ ಅಲ್ಲ, ಬೆಂಗಳೂರಿನ ಹುಡುಗರೂ ಆನ್‌ಲೈನಲ್ಲಿ ತರಿಸುತ್ತಾರೆ, ಅವರಿಗೆ ಆ ಹೃದಯದ ಕಪ್ಪೇ ಇಷ್ಟ ಅಂತ. ಇರಬಹುದು. ಹಾಗಿದ್ದರೆ ಗ್ರಾಹಕರ ಸಾಲನ್ನು ಎರಡು ಮಾಡಿ, ಇಬ್ಬರಿಗೂ ಬೇರೆ ಬೇರೆ ಅಂಕ ಹಾಕಿ ಅಂದೆ. ಮಾಲೀಕರು ಬೇಡ, ಎರಡನ್ನೂ ಸೇರಿಸಿ ಸರಾಸರಿ ತೆಗೆಯೋಣ ಅಂದರು. ಮತ್ತೆ ಅದೇ ಕೂಡಿಸುವುದು! ಸೋಮವಾರ ಪುನಃ ಕೂರಬೇಕು.