35 ವರ್ಷದ ಹಸುಗೂಸು

ಸರ್ಜಾಪುರ ರಸ್ತೆಯಲ್ಲಿ ಹೊಸ ಅಪಾರ್ಟ್‌ಮೆಂಟಿನ ಒಂದು ಹೋರ್ಡಿಂಗ್ ಇದೆ. "35 ವರ್ಷಗಳ ನಂಬಿಕೆ" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ. ಪಕ್ಕದಲ್ಲಿ ಬಿಳಿ ಪಂಚೆ ಉಟ್ಟ ಅಜ್ಜ ಮೊಮ್ಮಗಳ ಕೈ ಹಿಡಿದು ಹುಲ್ಲಿನ ಮೇಲೆ ನಡೆಯುತ್ತಿದ್ದಾರೆ. ಹುಲ್ಲು ಇನ್ನೂ ಹುಟ್ಟಿಲ್ಲ. ಆ ಜಾಗದಲ್ಲಿ ಸದ್ಯ ಜೆಸಿಬಿ ನಿಂತಿದೆ. ಅಜ್ಜ ಮಾತ್ರ ಆಗಲೇ ವಾಕಿಂಗ್ ಶುರು ಮಾಡಿದ್ದಾರೆ.

ನಮ್ಮ ಭಾವ ಈ ಅಜ್ಜನನ್ನು ನೋಡಿ ಸೋತರು. ಒಂದು ಶನಿವಾರ ಸೈಟ್ ಆಫೀಸಿಗೆ ಹೋಗಿ, ಎಸಿಯಲ್ಲಿ ಕೂತು, ಎರಡು ಕಾಫಿ ಕುಡಿದು, ಎರಡು ಲಕ್ಷದ ಚೆಕ್ ಕೊಟ್ಟು ಬಂದರು. ಬಂದ ಮೇಲೆ ನನಗೆ ಫೋನ್ ಮಾಡಿದರು.

"ಬುಕ್ ಮಾಡಿದ್ರಾ ಭಾವ?"

"ಇಲ್ಲಪ್ಪ, ಬುಕಿಂಗ್ ಅಲ್ಲ. ಇಒಐ ಅಂತೆ. ಆಸಕ್ತಿ ಇದೆ ಅಂತ ತೋರಿಸೋದು."

ಆಸಕ್ತಿ ತೋರಿಸಲು ನಮ್ಮ ಕಾಲದಲ್ಲಿ ತಲೆ ಆಡಿಸಿದರೆ ಸಾಕಿತ್ತು. ಈಗ ಎರಡು ಲಕ್ಷ. ಇದರ ಹಿಂದೆ ಒಂದು ಕಾರಣ ಇದೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ನೋಂದಣಿ ಆಗುವ ಮೊದಲು ಬಿಲ್ಡರ್ ಜಾಹೀರಾತು ಹಾಕುವಂತಿಲ್ಲ, ಬುಕಿಂಗ್ ತಗೊಳ್ಳುವಂತಿಲ್ಲ. ಹಾಗಾಗಿ ಬುಕಿಂಗ್ ತಗೊಳ್ಳುವುದಿಲ್ಲ. ಹಣ ಮಾತ್ರ ತಗೊಳ್ಳುತ್ತಾರೆ.

ಬ್ರೋಷರ್ ಕಳಿಸಿ ಅಂದೆ. ಮೂವತ್ತು ಪುಟ. ಈಜುಕೊಳಕ್ಕೆ ನಾಲ್ಕು ಪುಟ, ಯೋಗಕ್ಕೆ ಎರಡು ಪುಟ. ರೇರಾ ನಂಬರ್ ಕೊನೆಯ ಪುಟದ ಕೆಳಗೆ, ಇರುವೆ ಸಾಲಿನ ಹಾಗೆ. ಕನ್ನಡಕ ಒರೆಸಿಕೊಂಡು ನೋಡಿದೆ. ಅದು `ACK` ಅಂತ ಶುರುವಾಗಿತ್ತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕರ್ನಾಟಕದಲ್ಲಿ ನೋಂದಣಿ ಆದ ಯೋಜನೆಯ ನಂಬರ್ `PRM/KA/RERA` ಅಂತ ಶುರುವಾಗುತ್ತದೆ. ಆಮೇಲೆ ಜಿಲ್ಲೆಯ ಸಂಖ್ಯೆ. ಬೆಂಗಳೂರು ನಗರ ಜಿಲ್ಲೆಗೆ `1251`. ಮುಂದೆ `PR` ಅಂತಿದ್ದರೆ ಅದು ಯೋಜನೆ, `AG` ಅಂತಿದ್ದರೆ ಅದು ಏಜೆಂಟ್. ಅದಾದ ಮೇಲೆ ಆರು ಅಂಕಿಯ ದಿನಾಂಕ. `ACK` ಅಂದರೆ ಅರ್ಜಿ ತಲುಪಿದೆ ಅಂತ ಕೊಟ್ಟ ಸ್ವೀಕೃತಿ ಅಷ್ಟೇ. ರೇಷನ್ ಕಾರ್ಡಿಗೆ ಅರ್ಜಿ ಹಾಕಿದ ರಸೀದಿ ತೋರಿಸಿ ಅಕ್ಕಿ ಕೇಳಿದರೆ ಅಂಗಡಿಯವನು ಬೈದು ಕಳಿಸುತ್ತಾನೆ. ಇಲ್ಲಿ ರಸೀದಿ ತೋರಿಸಿ ಕೋಟಿಗಟ್ಟಲೆ ವ್ಯಾಪಾರ ನಡೆಯುತ್ತದೆ. ಇನ್ನು ಕೆಲವರು ಏಜೆಂಟನ `AG` ನಂಬರನ್ನೇ ದೊಡ್ಡದಾಗಿ ಹಾಕಿ "ರೇರಾ ಅಪ್ರೂವ್ಡ್" ಅನ್ನುತ್ತಾರೆ. ಬಸ್ಸಿಗೆ ಪರ್ಮಿಟ್ ಇದೆಯಾ ಅಂತ ಕೇಳಿದರೆ ಕಂಡಕ್ಟರ್ ತನ್ನ ಐಡಿ ಕಾರ್ಡ್ ತೋರಿಸಿದ ಹಾಗೆ.

ಭಾವ ಸೇಲ್ಸ್ ಹುಡುಗನಿಗೆ ಫೋನ್ ಮಾಡಿ ಕೇಳಿದರು. "ಸರ್, ಅದು ಫಾರ್ಮಾಲಿಟಿ ಸರ್. ಬಂದೇ ಬರುತ್ತೆ" ಅಂದ. ನಿಜ ಹೇಳಬೇಕು, ಬಂತು. ಒಂದೂವರೆ ತಿಂಗಳಲ್ಲಿ `PRM` ನಂಬರ್ ಬಂತು. ಭಾವ ನನಗೆ ಗೆದ್ದವರ ಹಾಗೆ ವಾಟ್ಸಾಪ್ ಮಾಡಿದರು. ನಾನು `rera.karnataka.gov.in` ತೆರೆದೆ.

ಯೋಜನೆಗಳ ಪಟ್ಟಿಯಲ್ಲಿ ನಂಬರ್ ಹಾಕಿದರೆ ಪುಟ ಸಿಗುತ್ತದೆ. ಮೊದಲ ಆಶ್ಚರ್ಯ, ಅಲ್ಲಿ ಹೋರ್ಡಿಂಗಿನ ಹೆಸರೇ ಇರಲಿಲ್ಲ. ಪ್ರೊಮೋಟರ್, ಅಂದರೆ ಬಿಲ್ಡರ್ ಹೆಸರಿನ ಜಾಗದಲ್ಲಿ ಯಾವುದೋ ಎಲ್‌ಎಲ್‌ಪಿ, ಒಂದು ಬಗೆಯ ಪಾಲುದಾರಿಕೆ ಸಂಸ್ಥೆ. ಹುಟ್ಟಿ ಎಂಟು ತಿಂಗಳಾಗಿತ್ತು. ಹಿಂದಿನ ಯೋಜನೆಗಳು ಅನ್ನುವ ಕಡೆ ಏನೂ ಇಲ್ಲ. ಹಳೆಯ ಕೇಸು? ಇಲ್ಲ. ವಿಳಂಬ? ಇಲ್ಲ. ಎಂಟು ತಿಂಗಳ ಕೂಸಿನ ಮೇಲೆ ಯಾರು ತಾನೆ ಕೇಸು ಹಾಕುತ್ತಾರೆ?

ಹೋರ್ಡಿಂಗಿನಲ್ಲಿ 35 ವರ್ಷ, ಅರ್ಜಿಯಲ್ಲಿ ಎಂಟು ತಿಂಗಳು. ಸರ್ಜಾಪುರ ರಸ್ತೆಯಲ್ಲಿ ಅಜ್ಜ, ರೇರಾ ಆಫೀಸಿನಲ್ಲಿ ತೊಟ್ಟಿಲು.

ಇದು ತಪ್ಪಿ ಆಗಿದ್ದಲ್ಲ, ಲೆಕ್ಕ ಹಾಕಿ ಮಾಡಿದ್ದು. ಕಾಯ್ದೆಯ 4ನೇ ಸೆಕ್ಷನ್ ಪ್ರೊಮೋಟರ್ ಕಳೆದ ಐದು ವರ್ಷದಲ್ಲಿ ಶುರು ಮಾಡಿದ ಯೋಜನೆಗಳ ವಿವರ ಕೇಳುತ್ತದೆ. ಯಾವುದು ಮುಗಿದಿದೆ, ಯಾವುದು ತಡವಾಗಿದೆ, ಎಷ್ಟು ಕೇಸಿದೆ, ಎಲ್ಲ ಹೇಳಬೇಕು. ಒಳ್ಳೆಯ ಪ್ರಶ್ನೆ. ಆದರೆ ಕೇಳಿದ್ದು ಪ್ರೊಮೋಟರನ್ನು. ಪ್ರತಿ ಯೋಜನೆಗೂ ಹೊಸ ಎಲ್‌ಎಲ್‌ಪಿ ಹುಟ್ಟಿಸಿದರೆ ಪ್ರತಿ ಸಲವೂ ಉತ್ತರ ಒಂದೇ: ಏನೂ ಇಲ್ಲ. ನಿಯಮ ಬರೆದವರೂ ದಡ್ಡರಲ್ಲ. ಸಂಸ್ಥೆ ಹೊಸದಾದರೆ ಅದರ ಮಾತೃಸಂಸ್ಥೆಯ ವಿವರ ಕೊಡಿ ಅಂದಿದ್ದಾರೆ. ಎಲ್‌ಎಲ್‌ಪಿಯ ಪಾಲುದಾರರು ಅಣ್ಣ ತಮ್ಮ ಅಂತ ಇಬ್ಬರು ಮನುಷ್ಯರಾದರೆ ಮಾತೃಸಂಸ್ಥೆ ಎಲ್ಲಿಂದ ಬರಬೇಕು? ಕೂಸು ಅನಾಥ ಅಂತ ಬರೆದುಕೊಡುತ್ತಾರೆ. ಅಪ್ಪನ ಫೋಟೋ ಮಾತ್ರ ಬ್ರೋಷರಿನ ಎರಡನೇ ಪುಟದಲ್ಲಿದೆ, ಕೈ ಕಟ್ಟಿಕೊಂಡು ನಿಂತಿದ್ದಾರೆ.

ಹಾಗಾದರೆ ಕೂಸಿನ ಕುಲ ಹುಡುಕುವುದು ಹೇಗೆ? ನಮ್ಮ ಕಡೆ ಸಂಬಂಧ ನೋಡುವಾಗ ಹುಡುಗನ ಬಯೋಡೇಟಾ ನಂಬುವುದಿಲ್ಲ, ಊರಿಗೆ ಹೋಗಿ ಅಕ್ಕಪಕ್ಕ ವಿಚಾರಿಸುತ್ತೇವೆ. ನಾನೂ ಅದನ್ನೇ ಮಾಡಿದೆ. ರೇರಾ ಪುಟದಲ್ಲಿ ಪಾಲುದಾರರ ಹೆಸರಿರುತ್ತದೆ. ಅದನ್ನು ಬರೆದುಕೊಂಡೆ. ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಸೈಟಿನಲ್ಲಿ, ಅಂದರೆ `mca.gov.in`ನಲ್ಲಿ, ಆ ಎಲ್‌ಎಲ್‌ಪಿ ಹುಡುಕಿದರೆ ಹುಟ್ಟಿದ ದಿನ, ವಿಳಾಸ, ಪಾಲುದಾರರು ಸಿಗುತ್ತಾರೆ. ಪಾಲುದಾರರಿಗೆ ತಲಾ ಒಂದು ನಂಬರ್ ಇರುತ್ತದೆ. ಹೆಸರಿನ ಕಾಗುಣಿತ ಬದಲಾಗಬಹುದು, ಆ ನಂಬರ್ ಬದಲಾಗುವುದಿಲ್ಲ. ಅದೇ ಜಾಡು ಹಿಡಿದು ಹೋದೆ. ಅಣ್ಣ ತಮ್ಮ ಇಬ್ಬರೂ ಇರುವ ಎಲ್‌ಎಲ್‌ಪಿಗಳು ಒಟ್ಟು ಆರು ಸಿಕ್ಕವು. ಆರಕ್ಕೂ ಒಂದೇ ವಿಳಾಸ, ಒಂದೇ ಮಹಡಿ. ಆ ಆಫೀಸಿನಲ್ಲಿ ಆರು ಎಲ್‌ಎಲ್‌ಪಿಗೆ ಒಂದೇ ಕಾಫಿ ಮೆಷಿನ್ ಇದ್ದಿರಬೇಕು.

ಈಗ ಮತ್ತೆ ರೇರಾ ಸೈಟು. ಒಂದೊಂದೇ ಎಲ್‌ಎಲ್‌ಪಿಯ ಹೆಸರನ್ನು ಪ್ರೊಮೋಟರ್ ಜಾಗದಲ್ಲಿ ಹಾಕಿದೆ. ಪೂರ್ತಿ ಹೆಸರು ಹಾಕದೆ ಮೊದಲ ಪದ ಮಾತ್ರ ಹಾಕುವುದು ಒಳ್ಳೆಯದು, ಯಾಕೆಂದರೆ ಒಂದು ಚುಕ್ಕಿ ಹೆಚ್ಚುಕಮ್ಮಿ ಆದರೂ ಹುಡುಕಾಟ ಕೈ ಕೊಡುತ್ತದೆ. ಎರಡರ ಹೆಸರಿನಲ್ಲಿ ಏನೂ ಸಿಗಲಿಲ್ಲ, ನಮ್ಮ ಕೂಸನ್ನು ಬಿಟ್ಟರೆ ಉಳಿದದ್ದು ಮೂರು. ಒಂದು ಯೋಜನೆ ಹೇಳಿದ ದಿನಕ್ಕೇ ಮುಗಿದಿತ್ತು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಇನ್ನೊಂದು ತಡವಾಗಿ ಮುಗಿದಿತ್ತು.

ಮೂರನೆಯದರ ಸಾಲು ಓದಲು ಎಡದಿಂದ ಬಲಕ್ಕೆ ಜರುಗಿಸುತ್ತಾ ಹೋಗಬೇಕು. ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಮುಗಿಸುತ್ತೇವೆ ಅಂದಿದ್ದು 2021ರ ಡಿಸೆಂಬರಿಗೆ. ಮುಂದಿನ ಕಾಲಂನಲ್ಲಿ ಕೋವಿಡ್ ವಿಸ್ತರಣೆ, 2022ಕ್ಕೆ. ಅದರ ಮುಂದಿನ ಕಾಲಂನಲ್ಲಿ 6ನೇ ಸೆಕ್ಷನ್ ವಿಸ್ತರಣೆ, 2023ಕ್ಕೆ. ಅದರಾಚೆ ಇನ್ನೊಂದು ಕಾಲಂ, ಅದಕ್ಕೂ ಮುಂದಿನ ವಿಸ್ತರಣೆ, 2024ಕ್ಕೆ. ಟೇಬಲ್ಲೇ ಹಾಗಿದೆ, ತಡಕ್ಕೆ ಮೊದಲೇ ಜಾಗ ಮಾಡಿಟ್ಟಿದ್ದಾರೆ. ಮುಗಿದ ವಿವರದ ಪುಟ ಖಾಲಿ. ದೂರುಗಳ ಪುಟ ಮಾತ್ರ ತುಂಬಿತ್ತು.

ನೋಡಬೇಕಾದದ್ದು ಮೊದಲ ದಿನಾಂಕವನ್ನು. ಕೊನೆಯದನ್ನು ನೋಡಿದರೆ ಎಲ್ಲರೂ ಸಮಯಪಾಲಕರೇ. ಮೂರು ಸಪ್ಲಿಮೆಂಟರಿ ಬರೆದು ಪಾಸಾದ ಹುಡುಗ ಕೊನೆಯ ಮಾರ್ಕ್ಸ್ ಕಾರ್ಡ್ ತೋರಿಸಿ "ಮೊದಲೇ ಹೇಳಿದ ದಿನಕ್ಕೆ ಪಾಸಾದೆ" ಅನ್ನುವ ಹಾಗೆ.

ಭಾವ ಇಷ್ಟೆಲ್ಲ ನೋಡಿ, "ಆಯ್ತಪ್ಪ, ತಡ ಆದ್ರೆ ಬಡ್ಡಿ ಕೊಡಬೇಕಲ್ವಾ? ಕಾನೂನು ಇದೆ" ಅಂದರು. ಇದೆ. 18ನೇ ಸೆಕ್ಷನ್. ಬೇಡ ಅಂದರೆ ದುಡ್ಡು ಬಡ್ಡಿ ಸಮೇತ ವಾಪಸ್, ಬೇಕು ಅಂದರೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ. ಆರ್ಡರೂ ಬರುತ್ತದೆ. ಬಿಲ್ಡರ್ ಕೊಡದಿದ್ದರೆ ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಿ ಅಂತ ಕಡತ ಜಿಲ್ಲಾಧಿಕಾರಿಗೆ ಹೋಗುತ್ತದೆ. ಅಲ್ಲಿಂದ ತಹಶೀಲ್ದಾರರಿಗೆ. ಯಾರಿಂದ ವಸೂಲಿ? ಆರ್ಡರಿನಲ್ಲಿ ಹೆಸರಿರುವ ಎಲ್‌ಎಲ್‌ಪಿಯಿಂದ. ಅದರ ಹತ್ತಿರ ಏನಿದೆ? ಜಾಗ ಭೂಮಾಲೀಕರದ್ದು, ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ತಗೊಂಡದ್ದು. ಫ್ಲ್ಯಾಟುಗಳು ಮಾರಾಟವಾಗಿವೆ. ಉಳಿದದ್ದು ಒಂದು ಟೇಬಲ್, ಒಂದು ರಬ್ಬರ್ ಸ್ಟಾಂಪ್. ಎಲ್‌ಎಲ್‌ಪಿಯ ಮೊದಲ ಎರಡು ಅಕ್ಷರದ ಅರ್ಥವೇ ಜವಾಬ್ದಾರಿಗೆ ಮಿತಿ ಇದೆ ಅಂತ. ಪಕ್ಕದ ಐದು ಎಲ್‌ಎಲ್‌ಪಿಗಳ ಹಣ, ಅಣ್ಣ ತಮ್ಮಂದಿರ ಸ್ವಂತ ಮನೆ, ಇವನ್ನು ಮುಟ್ಟಬೇಕಾದರೆ ಬೇರೆಯೇ ಕಾದಾಟ.

ಅಂದರೆ ಹೋರ್ಡಿಂಗ್ ಹಾಕುವಾಗ ಅವಿಭಕ್ತ ಕುಟುಂಬ. ಸಾಲಗಾರ ಬಾಗಿಲು ತಟ್ಟಿದಾಗ ಒಲೆ ಬೇರೆ, ಊಟ ಬೇರೆ, ಅಣ್ಣನ ಮುಖ ನೋಡಿ ವರ್ಷವಾಯಿತು.

ಭಾವ ಸೈಟ್ ಆಫೀಸಿಗೆ ನನ್ನನ್ನೂ ಕರಕೊಂಡು ಹೋದರು. ಮತ್ತೆ ಕಾಫಿ ಬಂತು. ಮೂರನೇ ಯೋಜನೆಯ ಹೆಸರು ಹೇಳಿ ಏನಾಯಿತು ಅಂತ ಕೇಳಿದೆ.

"ಅದು ನಮ್ದಲ್ಲ ಸರ್. ಎಂಟಿಟಿ ಬೇರೆ."

"ಬ್ರೋಷರಿನ ಹನ್ನೆರಡನೇ ಪುಟದಲ್ಲಿ ಅದರ ಫೋಟೋ ಇದೆಯಲ್ಲಪ್ಪ?"

ಅವನು ಪುಟ ತಿರುಗಿಸಿ ನೋಡಿದ. "ಅದು ಗ್ರೂಪ್ ಲೆಗಸಿ ಸರ್."

"ಅಲ್ಲಿಯ ದೂರುಗಳು?"

"ಅದು ಎಂಟಿಟಿದು ಸರ್."

ಪಾಪ, ಹುಡುಗನ ತಪ್ಪಿಲ್ಲ. ಇಪ್ಪತ್ತೈದು ವರ್ಷ ಇರಬೇಕು, ಅವನ ಕಂಪನಿಗಿಂತ ಅವನೇ ದೊಡ್ಡವನು. ಒಪ್ಪಂದಕ್ಕೆ ಸಹಿ ಹಾಕುವಾಗ ಗ್ರೂಪಿನ ದೊಡ್ಡ ಕಂಪನಿಯೂ ಜಾಮೀನಾಗಿ ಸಹಿ ಹಾಕುತ್ತದೆಯಾ ಅಂತ ಭಾವ ಕೇಳಿದರು. ಅಷ್ಟು ಒಳ್ಳೆಯ ಪ್ರಶ್ನೆ ಅವರು ಅದೇ ಮೊದಲು ಕೇಳಿದ್ದು. ಹುಡುಗ ಮ್ಯಾನೇಜರನ್ನು ಕರೆದ. ಮ್ಯಾನೇಜರ್ ಲೀಗಲ್ ಟೀಮಿಗೆ ಫೋನ್ ಮಾಡಿದ. ಲೀಗಲ್ ಟೀಮಿನವರು ಊಟಕ್ಕೆ ಹೋಗಿದ್ದರು. ಅವರು ಊಟ ಮುಗಿಸುವ ಲಕ್ಷಣ ಕಾಣಲಿಲ್ಲ.

ಭಾವ ಇಒಐ ವಾಪಸ್ ಕೇಳಿ ಪತ್ರ ಬರೆದುಕೊಟ್ಟರು. "45 ವರ್ಕಿಂಗ್ ಡೇಸ್ ಸರ್" ಅಂದರು. ಅರವತ್ತನೇ ದಿನ ಎರಡು ಲಕ್ಷ ಬಂತು, ಪೂರ್ತಿ ಬಂತು. ಭಾವ ಖುಷಿಯಿಂದ ಬ್ಯಾಂಕ್ ಮೆಸೇಜ್ ತೋರಿಸಿದರು. ಹಣ ಹಾಕಿದ್ದು ಯಾರು ಅಂತ ಓದಿದೆ. ಯಾವುದೋ ಎಲ್‌ಎಲ್‌ಪಿ. ನನ್ನ ಆರರ ಪಟ್ಟಿ ತೆಗೆದು ಎರಡು ಸಲ ಹುಡುಕಿದೆ. ಆ ಹೆಸರು ಅದರಲ್ಲಿ ಇರಲಿಲ್ಲ.