ಐದು ಸಾಲಿನ ಪ್ರಕಟಣೆ

ನಾನು ಪಾಠ ಮಾಡುವುದು ಥರ್ಮೋಡೈನಮಿಕ್ಸ್. ಆದರೆ ನನ್ನ ಕೋಣೆಯ ಪ್ರಿಂಟರ್ ಕೆಟ್ಟಿಲ್ಲ ಎಂಬ ಒಂದೇ ಅರ್ಹತೆಯ ಮೇಲೆ ಕಾಲೇಜಿನ ಪ್ಲೇಸ್‌ಮೆಂಟ್ ಸಂಯೋಜಕನ ಪಟ್ಟವೂ ನನ್ನ ತಲೆಗೆ ಬಂದಿತು. ಮೊದಲ ವರ್ಷ ಕಂಪನಿಯೊಂದು ಬರುವುದಿದ್ದಾಗ ನಾನು ಬರೆದ ಪ್ರಕಟಣೆ ಎರಡು ಪುಟವಿತ್ತು. ಅದನ್ನು ಯಾರೂ ಓದಲಿಲ್ಲ. "ಇಷ್ಟುದ್ದ ಬರೆದರೆ ನಾನೂ ಓದುವುದಿಲ್ಲ" ಎಂದರು ಪ್ರಾಂಶುಪಾಲರು. ಮರುವರ್ಷ ಹಟ ಹಿಡಿದು ಐದೇ ಸಾಲಿನಲ್ಲಿ ಮುಗಿಸಿದೆ. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

ಅಂತಿಮ ವರ್ಷದವರ ಗಮನಕ್ಕೆ. ಮುಂದಿನ ಬುಧವಾರ ಕ್ಯಾಂಪಸ್ಸಿಗೆ ಕಂಪನಿ ಬರುತ್ತಿದೆ.
ಹತ್ತನೇ ತರಗತಿ, ಪಿಯುಸಿ, ಬಿಇ ಮೂರರಲ್ಲೂ ಶೇ. 60 ಇರಬೇಕು. ಬಾಕಿ ವಿಷಯ ಇರಕೂಡದು.
ಕಂಪನಿಯ ಪೋರ್ಟಲ್ ಮತ್ತು ನಮ್ಮ ಗೂಗಲ್ ಫಾರ್ಮ್, ಎರಡರಲ್ಲೂ ನೋಂದಾಯಿಸಿ.
ಪೋರ್ಟಲಿನಲ್ಲಿ ಕೊನೆಯ ಹೆಸರು ಕಡ್ಡಾಯ. ಇಲ್ಲದವರು ಏನಾದರೂ ಹಾಕಿ.
ಕೊನೆಯ ಗಡುವು ಶುಕ್ರವಾರ ರಾತ್ರಿ 12.

ವಾಟ್ಸಾಪ್ ಗುಂಪಿಗೆ ಹಾಕಿ, ನೀಲಿ ಗೆರೆಗಳು ಮೂಡುವುದನ್ನು ನೋಡುತ್ತಾ ಕಾಫಿ ಕುಡಿದೆ. ಎರಡು ಪುಟದ ಪ್ರಕಟಣೆಯನ್ನು ಯಾರೂ ಓದಿರಲಿಲ್ಲವಾದ್ದರಿಂದ ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಇದನ್ನು ಎಲ್ಲರೂ ಓದಿದರು. ಅನಾಹುತವಾದದ್ದೇ ಅಲ್ಲಿ.

ಮೊದಲು ಶೇ. 60ರ ಕಥೆ. ಹತ್ತನೇ ತರಗತಿಯಲ್ಲಿ ಗೊಂದಲವಿಲ್ಲ, 625ಕ್ಕೆ 375 ಬಂದರಾಯಿತು. ಪಿಯುಸಿಯಲ್ಲಿ 600ಕ್ಕೆ 360. ಆದರೆ ಭಾಷೆಗಳ ಅಂಕವನ್ನು ಅತ್ತ ಸರಿಸಿ, ಭೌತ, ರಸಾಯನ, ಗಣಿತ ಮೂರನ್ನೇ ಕೂಡಿ ಭಾಗಿಸಿಕೊಂಡವರು ಕೆಲವರಿದ್ದರು. ಸಿಇಟಿ ಕಾಲದ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಇನ್ನು ಬಿಇ. ಆ ಮಕ್ಕಳು ವಿಟಿಯುವಿನ 2018ರ ಸ್ಕೀಮಿನವರು. ಆ ಲೆಕ್ಕದಲ್ಲಿ ಸಿಜಿಪಿಎಯಿಂದ 0.75 ಕಳೆದು 10ರಿಂದ ಗುಣಿಸಬೇಕು. ಅಂದರೆ ಶೇ. 60 ಬೇಕೆಂದರೆ ಸಿಜಿಪಿಎ 6.75 ಇರಬೇಕು. ಕಳೆಯುವ ಕೆಲಸವನ್ನು ನಾನು ಪ್ರಕಟಣೆಯಲ್ಲಿ ಹೇಳಿರಲಿಲ್ಲ. 6.2 ಇದ್ದವನು ನೇರವಾಗಿ ಹತ್ತರಿಂದ ಗುಣಿಸಿ 62 ಎಂದು ಬರೆದ. ನಾನು ಕರೆದು 54.5 ಎಂದಾಗ, ನಾನೇ ಅವನ ಅಂಕ ಕದ್ದವನಂತೆ ನೋಡಿದ.

ಗಡುವಿನ ವಿಷಯದಲ್ಲಿ ತಪ್ಪು ಪೂರ್ತಿ ನನ್ನದೇ. ಕಂಪನಿಯವರ ಮೇಲ್‌ನಲ್ಲಿ ಶುಕ್ರವಾರ `12:00 AM` ಎಂದಿತ್ತು. ನಾನು ಅದನ್ನು "ಶುಕ್ರವಾರ ರಾತ್ರಿ 12" ಎಂದು ಚೊಕ್ಕವಾಗಿ ಇಳಿಸಿದ್ದೆ. ಗಡಿಯಾರದ ಪ್ರಕಾರ ಅದು ಗುರುವಾರ ಮಲಗುವ ಹೊತ್ತು. ನಮ್ಮವರಿಗೆ ಶುಕ್ರವಾರ ರಾತ್ರಿ ಎಂದರೆ ಶುಕ್ರವಾರದ ಹಗಲು ಕಳೆದ ಮೇಲೆ ಬರುವ ರಾತ್ರಿ. ಪಂಚಾಂಗದಲ್ಲಿಯೂ ವಾರ ಬದಲಾಗುವುದು ಸೂರ್ಯೋದಯಕ್ಕೆ, ಆದ್ದರಿಂದ ಶಾಸ್ತ್ರವೂ ಮಕ್ಕಳ ಕಡೆಗೇ ಇತ್ತು. ಶುಕ್ರವಾರ ಬೆಳಿಗ್ಗೆ ಪೋರ್ಟಲ್ ಮುಚ್ಚಿತ್ತು. ಅರ್ಧ ತರಗತಿ ಇನ್ನೂ ಭಾವಚಿತ್ರ ಹುಡುಕುತ್ತಿತ್ತು. ಪ್ರಕಟಣೆ ತಿದ್ದೋಣವೆಂದರೆ ವಾಟ್ಸಾಪ್ ಕೊಡುವುದು 15 ನಿಮಿಷ, ನನ್ನ ತಪ್ಪಿಗೆ ಆಗಲೇ ಮೂರು ದಿನವಾಗಿತ್ತು. ಕಂಪನಿಯ ಮಾನವ ಸಂಪನ್ಮೂಲ ವಿಭಾಗಕ್ಕೆ ಫೋನ್ ಮಾಡಿ, ದನಿಯನ್ನು ಆದಷ್ಟು ತಗ್ಗಿಸಿ ಕೇಳಿಕೊಂಡೆ. ಶನಿವಾರ ಮಧ್ಯಾಹ್ನದವರೆಗೆ ಬಾಗಿಲು ತೆರೆದರು. ಆವತ್ತಿನಿಂದ ನನ್ನ ಯಾವ ಗಡುವಿನಲ್ಲೂ 12 ಎಂಬ ಅಂಕಿ ಇಲ್ಲ. ರಾತ್ರಿ 11:59 ಎಂದೇ ಬರೆಯುತ್ತೇನೆ.

ನೋಂದಣಿ ಮುಗಿದ ಮೇಲೆ ಫಾರ್ಮಿನ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು, ಎಕ್ಸೆಲ್‌ನಲ್ಲಿ ತೆರೆದು, ಅರ್ಹರಲ್ಲದವರನ್ನು ತೆಗೆದು, ಹಾಗೆಯೇ ಉಳಿಸಿ ಕಂಪನಿಗೆ ಕಳಿಸಿದೆ. ಸಂಜೆ ಆ ಕಡೆಯಿಂದ ಕರೆ: "ಸರ್, ನಿಮ್ಮ ವಿದ್ಯಾರ್ಥಿಗಳೆಲ್ಲ ಫ್ಯಾನ್ಸಿ ನಂಬರ್ ಇಟ್ಟುಕೊಂಡಿದ್ದಾರೆಯೇ?" ನೋಡಿದರೆ ಸುಮಾರು ಜನರ ಮೊಬೈಲ್ ಸಂಖ್ಯೆ ಆರು ಸೊನ್ನೆಯಿಂದ ಮುಗಿಯುತ್ತಿತ್ತು. ಕಾರಣ ಹುಡುಕಲು ಒಂದು ರಾತ್ರಿ ಹಿಡಿಯಿತು. ಹತ್ತಂಕಿ ಮಾತ್ರ ಬರೆದವರ ಸಂಖ್ಯೆ ಸರಿಯಾಗಿಯೇ ಇತ್ತು. ಮುಂದೆ `+91` ಸೇರಿಸಿದ ಶಿಸ್ತಿನ ಮಕ್ಕಳದ್ದು ಹನ್ನೆರಡು ಅಂಕಿಯಾಗಿ, ಎಕ್ಸೆಲ್ ಅದನ್ನು `9.19877E+11` ಎಂಬಂತೆ ಮಡಚಿ ತೋರಿಸಿತ್ತು. ಸಿಎಸ್‌ವಿಯಾಗಿ ಉಳಿಸಿದಾಗ ಕಡತಕ್ಕೆ ಹೋಗುವುದು ಹೀಗೆ ಕಣ್ಣಿಗೆ ಕಾಣುವ ರೂಪವೇ. ಕೊನೆಯ ಆರು ಅಂಕಿಗಳು ಅಲ್ಲಿಯೇ ಸತ್ತವು. ಮೂಲ ಪಟ್ಟಿ ಗೂಗಲ್‌ನಲ್ಲಿ ಇದ್ದದ್ದರಿಂದ ಬಚಾವಾದೆ. ಈಗ ಆ ಕಾಲಂ ಅನ್ನು ಪಠ್ಯವೆಂದು ಗುರುತಿಸಿದ ಮೇಲೆಯೇ ಕಡತ ಒಳಗೆ ತರುತ್ತೇನೆ. ಫಾರ್ಮಿನಲ್ಲೂ ಹತ್ತಕ್ಕಿಂತ ಹೆಚ್ಚು ಅಂಕಿ ಬಿಡುವುದಿಲ್ಲ.

ಇಷ್ಟೆಲ್ಲ ಆಗುವಾಗ ನಾಲ್ಕನೇ ಸಾಲು ಸದ್ದಿಲ್ಲದೆ ಕುಳಿತಿತ್ತು.

ನಮ್ಮ ಕಡೆಯ ಮಕ್ಕಳಿಗೆ ಮನೆತನದ ಹೆಸರು ಇರುವುದು ಕಡಿಮೆ. ಅಪ್ಪನದೋ ಊರಿನದೋ ಒಂದು ಅಕ್ಷರ ಹೆಸರಿನ ಹಿಂದೆಯೋ ಮುಂದೆಯೋ ನಿಂತಿರುತ್ತದೆ, ಅಷ್ಟೆ. ಪೋರ್ಟಲಿನ `Last Name` ಖಾನೆ ಕೆಂಪು ನಕ್ಷತ್ರ ಹೊತ್ತುಕೊಂಡು, ಎರಡಕ್ಷರಕ್ಕಿಂತ ಕಡಿಮೆಯಾದರೆ ಒಪ್ಪುವುದಿಲ್ಲ ಎನ್ನುತ್ತಿತ್ತು. ಏನಾದರೂ ಹಾಕಿ ಎಂದು ನಾನೇ ಹೇಳಿದ್ದೆನಲ್ಲ, ಹಾಕಿದರು. ಒಬ್ಬ ಅದೇ ಅಕ್ಷರವನ್ನು ಎರಡು ಸಲ ಒತ್ತಿದ. ಇನ್ನೊಬ್ಬ ತನ್ನ ತಾಲ್ಲೂಕು ಬರೆದ. ಒಂದು ಬೆಂಚಿನ ಆರು ಜನ, ಖಾನೆ ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರು: `Illa`.

ಬುಧವಾರ ಬೆಳಿಗ್ಗೆ ಕಂಪನಿಯಿಂದ ಬಂದ ಹುಡುಗಿ ಪುಣೆಯವಳು. ಸಭಾಂಗಣದ ಬಾಗಿಲಲ್ಲಿ ನಿಂತು ಪಟ್ಟಿ ಓದುತ್ತಿದ್ದಳು. ಪಕ್ಕದಲ್ಲಿ ನಮ್ಮ ಅಟೆಂಡರ್ ಹಾಜರಿ ಹಾಳೆ ಹಿಡಿದಿದ್ದರು.

"ಕಾವ್ಯ ಇಲ್ಲ," ಎಂದಳು ಆಕೆ. (ಹೆಸರು ಬದಲಿಸಿದ್ದೇನೆ. ಕೊನೆಯ ಹೆಸರು ಮಾತ್ರ ಅಸಲಿ.)

ಅಟೆಂಡರ್ ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆದರು.

"ಪವನ್ ಇಲ್ಲ." ಇನ್ನೊಂದು ಗೆರೆ.

ಆರು ಗೆರೆ ಎಳೆದು ನನ್ನ ಬಳಿ ಬಂದು ಮೆಚ್ಚುಗೆಯಿಂದ ಹೇಳಿದರು: "ಸರ್, ಮೇಡಂ ಕನ್ನಡ ಎಷ್ಟು ಚೆನ್ನಾಗಿ ಮಾತನಾಡುತ್ತಾರೆ! ಯಾರು ಬಂದಿಲ್ಲ ಎಂಬುದೂ ಅವರಿಗೆ ಮೊದಲೇ ಗೊತ್ತಿದೆ."

ಓಡಿದೆ. ಬಾಗಿಲಲ್ಲಿ ಕಾವ್ಯ ಕೈ ಎತ್ತಿಕೊಂಡು ನಿಂತಿದ್ದಳು. ಅಟೆಂಡರ್ ಹಿಂದೆಯೇ ಬಂದು, "ಯಾರಮ್ಮ ನೀನು?" ಎಂದರು.

"ನಾನೇ ಇಲ್ಲ, ಅಣ್ಣಾ," ಎಂದಳು ಅವಳು.

ಅವಳಿಗೆ ಕೆಲಸ ಸಿಕ್ಕಿತು. ಆದೇಶಪತ್ರ ಬಂದದ್ದು ಕಾವ್ಯ ಇಲ್ಲ ಎಂಬ ಹೆಸರಿಗೆ, ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಇದ್ದದ್ದು ಕಾವ್ಯ ಎಸ್. ಇಬ್ಬರೂ ಒಬ್ಬರೇ ಎಂಬುದಕ್ಕೆ ಪ್ರಮಾಣಪತ್ರ ಕೊಡಿ ಎಂದರು ದಾಖಲೆ ಪರಿಶೀಲಿಸುವವರು. ತಪ್ಪು ನನ್ನದಾದ್ದರಿಂದ ನೋಟರಿಯ ಬಳಿಗೆ ಅವಳ ಜೊತೆ ನಾನೂ ಹೋದೆ. ಅವರು ಛಾಪಾ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಗಟ್ಟಿಯಾಗಿ ಓದಿದರು: "ಕಾವ್ಯ ಎಸ್. ಆದ ನಾನು, ಕಾವ್ಯ ಇಲ್ಲ ಎಂಬವಳೂ ನಾನೇ ಎಂದು ಪ್ರಮಾಣೀಕರಿಸುತ್ತೇನೆ." ಓದಿ, ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಮೇಷ್ಟ್ರೇ, ಈಗ ಈ ಹುಡುಗಿ ಇದ್ದಾಳೋ ಇಲ್ಲವೋ?"